ಲಂಡನ್‌ನಲ್ಲಿ ಇಳಿದ ಮೊದಲ ದಿನ: ಇಶಾ ಆದ ಕೂಡಲೇ ಮಲಗಬೇಡಿ

ಉಮ್ರಾಕ್ಕೆ ಹೋಗಿ ಬಂದ ಹಿರಿಯರನ್ನು ಕೇಳಿ ನೋಡಿ. ಕಾಲುನೋವಿನ ಬಗ್ಗೆ ಹೇಳುತ್ತಾರೆ, ಬಿಸಿಲಿನ ಬಗ್ಗೆ ಹೇಳುತ್ತಾರೆ. ಗಡಿಯಾರದ ವ್ಯತ್ಯಾಸದಿಂದ ನಿದ್ದೆ ಕೆಟ್ಟಿತು ಎಂದು ಹೇಳುವವರು ಕಡಿಮೆ. ಜಿದ್ದಾದ ಸಮಯ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ ಇದೆ, ದುಬೈಯದು ಒಂದೂವರೆ ಗಂಟೆ ಹಿಂದೆ. ಇಷ್ಟನ್ನು ಶರೀರ ಒಂದೆರಡು ದಿನಗಳಲ್ಲಿ ಸರಿಪಡಿಸಿಕೊಳ್ಳುತ್ತದೆ. ಆದ್ದರಿಂದಲೇ ಗಲ್ಫ್ ಕಂಡ ನಮ್ಮ ಕುಟುಂಬಗಳಲ್ಲಿ, ವಿಮಾನ ಪ್ರಯಾಣದ ದಣಿವು ಎಂದರೆ ಒಂದು ರಾತ್ರಿ ಚೆನ್ನಾಗಿ ಮಲಗಿದರೆ ಹೋಗುವಂಥದ್ದು ಎಂಬ ಭಾವನೆ ಇದೆ.

ಅದೇ ಹಿರಿಯರು ಮಗಳ ಬಾಣಂತನಕ್ಕೆಂದು ಲಂಡನ್‌ಗೆ ಹೊರಟಾಗ ಈ ಲೆಕ್ಕ ತಪ್ಪುತ್ತದೆ. ಚಳಿಗಾಲದಲ್ಲಿ ಲಂಡನ್ ನಮಗಿಂತ ಐದೂವರೆ ಗಂಟೆ ಹಿಂದೆ ಇರುತ್ತದೆ. ಮಾರ್ಚ್ ತಿಂಗಳ ಕೊನೆಯ ಭಾನುವಾರದಿಂದ ಅಕ್ಟೋಬರ್ ತಿಂಗಳ ಕೊನೆಯ ಭಾನುವಾರದ ತನಕ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ವ್ಯತ್ಯಾಸ ನಾಲ್ಕೂವರೆ ಗಂಟೆಗೆ ಇಳಿಯುತ್ತದೆ. ಅಲ್ಲಿಗೆ ಹೋದ ತಾಯಂದಿರು ಮೊದಲ ವಾರ ಹೇಳುವ ಮಾತು ಹೆಚ್ಚುಕಡಿಮೆ ಒಂದೇ: "ಸಂಜೆಯಾದರೆ ಕಣ್ಣು ಎಳೆಯುತ್ತದೆ, ನಡುರಾತ್ರಿ ಎಚ್ಚರವಾದರೆ ಮತ್ತೆ ನಿದ್ದೆಯೇ ಇಲ್ಲ."

ಇದು ವಯಸ್ಸಿನ ದೋಷವಲ್ಲ, ಹೊಸ ಹಾಸಿಗೆಯ ದೋಷವೂ ಅಲ್ಲ. ಮೊದಲ ದಿನ ವಿಮಾನ ಇಳಿದಲ್ಲಿಂದ ಮಲಗುವ ತನಕದ ಎಂಟು ಗಂಟೆಗಳನ್ನು ಹೇಗೆ ಕಳೆದೆವು ಎಂಬುದರ ಮೇಲೆ ಮುಂದಿನ ನಾಲ್ಕೈದು ರಾತ್ರಿಗಳು ನಿಂತಿವೆ.

ಮೈಯೊಳಗಿನ ಗಡಿಯಾರ ಊರಿನಲ್ಲೇ ಉಳಿದಿರುತ್ತದೆ

ನಮ್ಮ ಮೆದುಳಿನಲ್ಲಿ ನಿದ್ದೆ ಮತ್ತು ಎಚ್ಚರದ ಸಮಯ ನೋಡಿಕೊಳ್ಳುವ ಒಂದು ಗಡಿಯಾರವಿದೆ. ಯಾವಾಗ ಹಸಿವಾಗಬೇಕು, ಯಾವಾಗ ಮೈ ತಣ್ಣಗಾಗಬೇಕು, ಯಾವಾಗ ಕಣ್ಣು ಎಳೆಯಬೇಕು ಎಂಬುದನ್ನೆಲ್ಲ ಅದು ನಡೆಸುತ್ತದೆ. ಕೈಗಡಿಯಾರದ ಮುಳ್ಳನ್ನು ಒಂದು ಕ್ಷಣದಲ್ಲಿ ಹಿಂದಕ್ಕೆ ತಿರುಗಿಸಬಹುದು. ಈ ಗಡಿಯಾರ ಮಾತ್ರ ದಿನಕ್ಕೆ ಒಂದರಿಂದ ಒಂದೂವರೆ ಗಂಟೆಯಷ್ಟೇ ಸರಿಯುತ್ತದೆ. ಐದೂವರೆ ಗಂಟೆ ಸರಿಯಲು ನಾಲ್ಕೈದು ದಿನ ಬೇಕು.

ಪಶ್ಚಿಮಕ್ಕೆ ಹೋಗುವವರಿಗೆ ಒಂದು ಅನುಕೂಲವೂ ಇದೆ. ಹೆಚ್ಚಿನವರ ಒಳಗಿನ ಗಡಿಯಾರದ ಸುತ್ತು 24 ಗಂಟೆಗಿಂತ ತುಸು ಉದ್ದ. ಹಾಗಾಗಿ ಬೇಗ ಮಲಗುವುದಕ್ಕಿಂತ ತಡವಾಗಿ ಮಲಗುವುದು ಶರೀರಕ್ಕೆ ಸುಲಭ. ಪಶ್ಚಿಮಕ್ಕೆ ಹೋದಾಗ ನಾವು ಮಾಡಬೇಕಾದದ್ದು ಅದನ್ನೇ. ಲಂಡನ್‌ನಿಂದ ಮರಳಿ ಊರಿಗೆ ಬಂದಾಗ ಇದು ತಿರುಗುಮುರುಗಾಗುತ್ತದೆ. ಆಗ ಬೇಗ ಮಲಗಬೇಕಾಗುವುದರಿಂದ ಕಷ್ಟ ಹೆಚ್ಚು.

ಈ ಗಡಿಯಾರವನ್ನು ಸರಿಸುವ ಮುಖ್ಯ ಕೈ ಬೆಳಕು. ಆದರೆ ಬೆಳಕು ಯಾವ ಹೊತ್ತಿಗೆ ಕಣ್ಣಿಗೆ ಬಿದ್ದಿತು ಎಂಬುದರ ಮೇಲೆ ಗಡಿಯಾರ ಯಾವ ಕಡೆಗೆ ಸರಿಯುತ್ತದೆ ಎಂಬುದು ತೀರ್ಮಾನವಾಗುತ್ತದೆ. ರಾತ್ರಿ ನಿದ್ದೆಯಲ್ಲಿ ನಮ್ಮ ಮೈ ಅತ್ಯಂತ ತಣ್ಣಗಾಗುವ ಒಂದು ಹೊತ್ತಿದೆ. ದಿನವೂ ಏಳುವ ಸಮಯಕ್ಕೆ ಸುಮಾರು ಎರಡು ಗಂಟೆ ಮೊದಲು ಅದು ಬರುತ್ತದೆ. ಇಲ್ಲಿ ಅದನ್ನು ತಂಪು ಹೊತ್ತು ಎನ್ನೋಣ. ತಂಪು ಹೊತ್ತಿನ ಮೊದಲಿನ ಕೆಲವು ಗಂಟೆಗಳಲ್ಲಿ ಬೆಳಕು ಬಿದ್ದರೆ ಗಡಿಯಾರ ತಡದ ಕಡೆಗೆ ಸರಿಯುತ್ತದೆ. ಅದರ ನಂತರದ ಕೆಲವು ಗಂಟೆಗಳಲ್ಲಿ ಬೆಳಕು ಬಿದ್ದರೆ ಬೇಗದ ಕಡೆಗೆ ಸರಿಯುತ್ತದೆ.

ಫಜ್ರ್‌ಗೆಂದು ದಿನವೂ ಐದು ಗಂಟೆಯ ಸುಮಾರಿಗೆ ಏಳುವವರನ್ನು ತೆಗೆದುಕೊಳ್ಳಿ. ಅವರ ತಂಪು ಹೊತ್ತು ನಮ್ಮ ಸಮಯದಲ್ಲಿ ಬೆಳಗಿನ ಜಾವ ಮೂರರ ಸುಮಾರು. ಚಳಿಗಾಲದ ಲಂಡನ್‌ನಲ್ಲಿ ಆಗ ರಾತ್ರಿ ಒಂಬತ್ತೂವರೆ. ಅಂದರೆ ಮೊದಲ ದಿನ ಲಂಡನ್‌ನ ರಾತ್ರಿ ಒಂಬತ್ತರ ತನಕ ಕಣ್ಣಿಗೆ ಬೀಳುವ ಬೆಳಕು ನಮಗೆ ಸಹಾಯ ಮಾಡುತ್ತದೆ. ಅದಾದ ಮೇಲೆ ಬೆಳಗಿನ ಜಾವದವರೆಗೆ ಬೀಳುವ ಬೆಳಕು ನಮ್ಮನ್ನು ಮತ್ತೆ ಊರಿನ ಸಮಯದ ಕಡೆಗೆ ಎಳೆಯುತ್ತದೆ. ಸಂಜೆ ಬೆಳಕು, ನಡುರಾತ್ರಿ ಕತ್ತಲು: ಇಡೀ ಲೇಖನದಲ್ಲಿ ನೆನಪಿಡಬೇಕಾದ ಸೂತ್ರ ಇದೊಂದೇ.

ಒಂದು ಪ್ರಯಾಣದ ಲೆಕ್ಕ

ತಾಳಗುಂದದಿಂದ ಹೊರಟ ಗಂಡ ಹೆಂಡತಿಯನ್ನು ಊಹಿಸಿಕೊಳ್ಳಿ. ಇಬ್ಬರಿಗೂ ಅರವತ್ತರ ಆಸುಪಾಸು. ನವೆಂಬರ್ ನಡುಭಾಗದಲ್ಲಿ ಲಂಡನ್‌ನಲ್ಲಿರುವ ಮಗಳ ಮನೆಗೆ ಹೊರಟಿದ್ದಾರೆ. ಮಗುವಿಗೆ ಇನ್ನೂ ಎರಡು ವಾರ. ವಿಮಾನ ಬೆಂಗಳೂರಿನಿಂದ ಬೆಳಿಗ್ಗೆ ಏಳೂವರೆಗೆ ಹೊರಟು, ಹನ್ನೊಂದು ಗಂಟೆ ಹಾರಿ, ಅಲ್ಲಿನ ಮಧ್ಯಾಹ್ನ ಒಂದಕ್ಕೆ ಇಳಿಯುತ್ತದೆ. ಆಗ ಊರಿನಲ್ಲಿ ಸಂಜೆ ಆರೂವರೆ.

ತೊಂದರೆ ವಿಮಾನ ಹತ್ತುವ ಮೊದಲೇ ಶುರುವಾಗಬಹುದು. ತಾಳಗುಂದದಿಂದ ಬೆಂಗಳೂರಿಗೆ ಸುಮಾರು 350 ಕಿ.ಮೀ. ವಿಮಾನ ನಿಲ್ದಾಣ ಇರುವುದು ನಗರದ ಆಚೆ ದೇವನಹಳ್ಳಿಯ ಕಡೆ. ಶಿರಾಳಕೊಪ್ಪ ಅಥವಾ ಶಿಕಾರಿಪುರದಲ್ಲಿ ರಾತ್ರಿ ಬಸ್ಸು ಹತ್ತಿ ನೇರವಾಗಿ ವಿಮಾನಕ್ಕೆ ಹೋಗಿಬಿಡೋಣ ಎಂದು ಹಲವರು ಯೋಚಿಸುತ್ತಾರೆ. ಬೆಳಗಿನ ವಿಮಾನಕ್ಕೆ ಇದು ಅಪಾಯದ ಯೋಜನೆ. ಬಸ್ಸು ತಡವಾದರೆ ವಿಮಾನ ತಪ್ಪುತ್ತದೆ, ತಡವಾಗದಿದ್ದರೂ ಒಂದು ರಾತ್ರಿಯ ನಿದ್ದೆ ಹೋಗುತ್ತದೆ. ಹಿಂದಿನ ದಿನ ಬೆಳಿಗ್ಗೆಯೇ ಹೊರಟು, ಸಂಜೆಯೊಳಗೆ ಬೆಂಗಳೂರಿನಲ್ಲಿ ಸಂಬಂಧಿಕರ ಮನೆಗೋ ನಿಲ್ದಾಣದ ಹತ್ತಿರದ ಕೋಣೆಗೋ ಸೇರಿ, ಇಶಾ ಮುಗಿಸಿ ಬೇಗ ಮಲಗುವುದು ಒಳ್ಳೆಯದು.

ಏಕೆಂದರೆ ಏಳೂವರೆಯ ವಿಮಾನಕ್ಕೆ ಮೂರು ಗಂಟೆ ಮೊದಲು, ಅಂದರೆ ನಾಲ್ಕೂವರೆಗೆ ನಿಲ್ದಾಣದಲ್ಲಿರಬೇಕು. ಅದಕ್ಕೆ ಮೂರು ಗಂಟೆಗೆ ಏಳಬೇಕು. ಅವತ್ತು ಲಂಡನ್‌ನಲ್ಲಿ ರಾತ್ರಿ ಒಂಬತ್ತೂವರೆಗೆ ಮಲಗುವಾಗ ಊರಿನಲ್ಲಿ ಮರುದಿನದ ಬೆಳಗಿನ ಜಾವ ಮೂರು. ಅಂದರೆ ಸರಿಯಾಗಿ 24 ಗಂಟೆ. ನಡುವೆ ನಿದ್ದೆಯೇ ಮಾಡದಿದ್ದರೆ ಅರವತ್ತರ ಹರೆಯದವರು ಅಷ್ಟು ಹೊತ್ತು ತಡೆದುಕೊಳ್ಳುವುದು ಕಷ್ಟ.

ಹಾಗಾಗಿ ವಿಮಾನದಲ್ಲಿ ಮಲಗಬೇಕು, ಆದರೆ ಪ್ರಯಾಣದ ಮೊದಲ ಅರ್ಧದಲ್ಲಿ. ತಿಂಡಿ ಕೊಟ್ಟಾದ ಮೇಲೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಎರಡು ಮೂರು ಗಂಟೆ ನಿದ್ದೆ ತೆಗೆಯಿರಿ. ಊರಿನ ಸಮಯ ಮಧ್ಯಾಹ್ನ ಒಂದರ ಹೊತ್ತಿಗೆ ಎದ್ದುಬಿಡಿ. ಮತ್ತೆ ಮಲಗಬೇಡಿ. ಇಳಿಯುವ ಮುನ್ನ ಕೊನೆಯ ಎರಡು ಗಂಟೆ ತೂಕಡಿಸಿದರೆ ಆ ನಿದ್ದೆ ರಾತ್ರಿಯ ನಿದ್ದೆಯನ್ನು ತಿನ್ನುತ್ತದೆ. ಎಚ್ಚರವಿರುವಾಗ ಗಂಟೆಗೊಮ್ಮೆ ಎದ್ದು ನಡೆದಾಡಿ, ನೀರು ಕುಡಿಯಿರಿ. ಹಾಗೆ ನಡೆದಾಡುವುದು ಎಚ್ಚರವಾಗಿರಲು ಮಾತ್ರವಲ್ಲ, ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯಲೂ ಬೇಕು.

ಈ ದಿನ ಸೂರ್ಯ ನಮ್ಮ ಜೊತೆಗೇ ಪಶ್ಚಿಮಕ್ಕೆ ಬರುತ್ತಾನೆ. ಬೆಂಗಳೂರಿನಲ್ಲಿ ನವೆಂಬರ್‌ನ ಹಗಲು ಹನ್ನೊಂದೂವರೆ ಗಂಟೆ. ಈ ಪ್ರಯಾಣದಲ್ಲಿ ಬೆಂಗಳೂರಿನ ಸೂರ್ಯೋದಯದಿಂದ ಲಂಡನ್‌ನ ಸೂರ್ಯಾಸ್ತದವರೆಗೆ ಹಗಲು ಹದಿನೈದು ಗಂಟೆ ದಾಟುತ್ತದೆ. ಹೀಗಾಗಿ ಝುಹ್ರ್ ಮತ್ತು ಅಸ್ರ್ ನಮಾಝ್‌ನ ಸಮಯ ಕೈಗಡಿಯಾರಕ್ಕೆ ಹೊಂದುವುದಿಲ್ಲ. ಪ್ರಯಾಣದಲ್ಲಿ ನಮಾಝನ್ನು ಕಸ್ರ್ ಮಾಡುವುದು, ಜೋಡಿಸಿ ಮಾಡುವುದು, ಅಲ್ಲಿ ಉಳಿಯುವ ದಿನಗಳ ನಿಯ್ಯತ್ ಇವೆಲ್ಲವನ್ನು ಹೊರಡುವ ಮೊದಲೇ ನಿಮ್ಮ ಮಸೀದಿಯ ಇಮಾಮರಲ್ಲಿ ಕೇಳಿ ತಿಳಿದುಕೊಳ್ಳಿ. ಇದು ತೀರ್ಮಾನವಾಗಿದ್ದರೆ ಇಳಿದ ಮೇಲೆ ಗಡಿಬಿಡಿ ಇರುವುದಿಲ್ಲ.

ಇಳಿದಲ್ಲಿಂದ ಮಲಗುವ ತನಕ

ಪಾಸ್‌ಪೋರ್ಟ್ ತಪಾಸಣೆ, ಸಾಮಾನು ಎಲ್ಲ ಮುಗಿದು ಹೊರಬರುವಾಗ ಎರಡೂ ಕಾಲು ಎಂದಿಟ್ಟುಕೊಳ್ಳಿ. ನವೆಂಬರ್ ನಡುಭಾಗದಲ್ಲಿ ಲಂಡನ್‌ನಲ್ಲಿ ನಾಲ್ಕೂ ಕಾಲರ ಹೊತ್ತಿಗೆ ಸೂರ್ಯ ಮುಳುಗುತ್ತದೆ. ಉಳಿದಿರುವುದು ಎರಡೇ ಗಂಟೆಯ ಹಗಲು. ಅದನ್ನು ಹಾಳುಮಾಡಬೇಡಿ. ಮೋಡ ಕವಿದಿದ್ದರೂ ಹೊರಗಿನ ಹಗಲು ಬೆಳಕು ಮನೆಯ ದೀಪಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಕಾರಿನಲ್ಲಿ ಕಿಟಕಿ ಪಕ್ಕ ಕುಳಿತು ಹೊರಗೆ ನೋಡುತ್ತಾ ಬನ್ನಿ, ತಂಪು ಕನ್ನಡಕ ಬೇಡ. ಕಾರಿನಲ್ಲಿ ತೂಕಡಿಕೆ ಬಂದೇ ಬರುತ್ತದೆ. ಜೊತೆಗಿರುವವರು ಮಾತನಾಡಿಸುತ್ತಿರಬೇಕು. ಒಂದು ಲೋಟ ಚಹಾ ಬೇಕಿದ್ದರೆ ಈಗಲೇ ಕುಡಿಯಿರಿ. ಚಹಾದ ಕೆಫೀನ್ ಅರ್ಧದಷ್ಟು ಇಳಿಯಲು ಸುಮಾರು ಐದು ಗಂಟೆ ಬೇಕು. ಮೂರೂವರೆಯ ನಂತರ ಕುಡಿದರೆ ರಾತ್ರಿಗೆ ಅಡ್ಡಿ.

ಮನೆ ಸೇರುವಾಗ ಮೂರೂ ಮುಕ್ಕಾಲು. ಅಸ್ರ್ ಆದ ಮೇಲೆ ಮಗಳು ಪ್ರೀತಿಯಿಂದ "ಅಮ್ಮಿ, ಅರ್ಧ ಗಂಟೆ ಮಲಗಿ, ಎಬ್ಬಿಸುತ್ತೇನೆ" ಎನ್ನುತ್ತಾಳೆ. ಮೊದಲ ದಿನ ಕೆಡುವುದು ಹೆಚ್ಚಾಗಿ ಈ ಅರ್ಧ ಗಂಟೆಯಲ್ಲಿ. ಅಲ್ಲಿ ನಾಲ್ಕು ಗಂಟೆ ಎಂದರೆ ಊರಿನಲ್ಲಿ ರಾತ್ರಿ ಒಂಬತ್ತೂವರೆ. ಶರೀರಕ್ಕೆ ಅದು ಮಧ್ಯಾಹ್ನದ ಕಿರುನಿದ್ದೆಯಲ್ಲ, ರಾತ್ರಿಯ ನಿದ್ದೆಯ ಆರಂಭ. ತಲೆ ದಿಂಬಿಗೆ ತಾಗಿದರೆ ಎಬ್ಬಿಸಿದರೂ ಏಳುವುದಿಲ್ಲ. ರಾತ್ರಿ ಒಂಬತ್ತೂವರೆ ಹತ್ತಕ್ಕೆ ತಾವಾಗಿಯೇ ಎದ್ದು ಕೂರುತ್ತಾರೆ. ಆಮೇಲೆ ಇಡೀ ರಾತ್ರಿ ಎಚ್ಚರ. ಆದ್ದರಿಂದ ಮೊದಲ ದಿನ ಹಗಲು ಮಲಗುವುದೇ ಬೇಡ. ತಡೆಯಲು ಆಗದಿದ್ದರೆ ಮಂಚದ ಮೇಲಲ್ಲ, ಕುರ್ಚಿಯಲ್ಲಿ ಕುಳಿತು, ಅಲಾರಂ ಇಟ್ಟುಕೊಂಡು ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ. ಅದಕ್ಕಿಂತ ಹೆಚ್ಚು ಬೇಡ.

ಮಗ್‌ರಿಬ್ ಆಗುತ್ತಿದ್ದಂತೆ ಹೊರಗೆ ಕತ್ತಲು. ಸುಮಾರು ಆರರ ಹೊತ್ತಿಗೆ ಇಶಾದ ಸಮಯವೂ ಆಗಿಬಿಡುತ್ತದೆ. ನಮ್ಮ ಹಳ್ಳಿಗಳಲ್ಲಿ ಹಿರಿಯರ ದಿನ ಮುಗಿಯುವುದು ಇಶಾದೊಂದಿಗೆ. ಇಶಾ ಆಯಿತು, ಊಟವಾಯಿತು, ಮಲಗಿದರು. ಇಶಾಕ್ಕೆ ಮೊದಲು ಮಲಗುವುದನ್ನು, ಇಶಾದ ನಂತರ ವ್ಯರ್ಥ ಹರಟೆಯಲ್ಲಿ ಕೂರುವುದನ್ನು ಪ್ರವಾದಿಯವರು(ಸ) ಇಷ್ಟಪಡುತ್ತಿರಲಿಲ್ಲ ಎಂಬ ಹದೀಸ್ ಅನೇಕರಿಗೆ ಗೊತ್ತು. ಆ ರೂಢಿ ಮೈಗೂಡಿರುವವರಿಗೆ ಲಂಡನ್‌ನ ಚಳಿಗಾಲ ಒಂದು ಒಗಟು. ಇಶಾ ಆದಾಗ ಗಡಿಯಾರ ಆರು ತೋರಿಸುತ್ತದೆ, ಶರೀರ ಮಾತ್ರ ರಾತ್ರಿ ಹನ್ನೊಂದೂವರೆ ಎನ್ನುತ್ತದೆ. ರೂಢಿ ಮತ್ತು ಶರೀರ ಎರಡೂ ಸೇರಿ ಹಾಸಿಗೆಗೆ ಎಳೆಯುತ್ತವೆ. ಈ ಮೂರೂವರೆ ಗಂಟೆಯನ್ನು ದಾಟುವುದೇ ಮೊದಲ ದಿನದ ಮುಖ್ಯ ಕೆಲಸ. ನಮಾಝ್ ಅದರ ಸಮಯಕ್ಕೆ, ನಿದ್ದೆ ಗಡಿಯಾರದ ಸಮಯಕ್ಕೆ ಎಂದು ಇಟ್ಟುಕೊಳ್ಳಿ.

ಅದಕ್ಕೆ ಮನೆಯ ದೀಪಗಳನ್ನೆಲ್ಲ ಉರಿಸಿ. ಬಾಗಿದ ಸಣ್ಣ ದೀಪದ ಮಂದ ಬೆಳಕು ಸಾಲದು, ಚಾವಣಿಯ ದೊಡ್ಡ ದೀಪವೇ ಬೇಕು. ಅಡುಗೆಮನೆ ಸಾಮಾನ್ಯವಾಗಿ ಮನೆಯಲ್ಲಿ ಹೆಚ್ಚು ಬೆಳಕಿರುವ ಜಾಗ, ಅಲ್ಲಿ ನಿಂತು ಮಾಡುವ ಕೆಲಸವಿದ್ದರೆ ಒಳ್ಳೆಯದು. ತಂದ ಸಾಮಾನು ಬಿಚ್ಚುವ ಕೆಲಸವನ್ನು ಈ ಹೊತ್ತಿಗೇ ಉಳಿಸಿಕೊಳ್ಳಿ. ಏಳಕ್ಕೆ ಊಟ, ಹೊಟ್ಟೆ ಭಾರವಾಗುವಷ್ಟು ಬೇಡ. ಬಿರಿಯಾನಿಯನ್ನು ನಾಳೆ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಬಹುದು. ಊಟದ ಮೇಲೆ ಸ್ವೆಟರ್, ಟೋಪಿ ಹಾಕಿಕೊಂಡು ಅಳಿಯನ ಜೊತೆ ಹತ್ತಿರದ ಅಂಗಡಿಯವರೆಗೆ ಹೋಗಿ ಬನ್ನಿ. ತಣ್ಣನೆಯ ಗಾಳಿ ಮುಖಕ್ಕೆ ಹೊಡೆದರೆ ಇನ್ನೊಂದು ಗಂಟೆ ಎಚ್ಚರವಾಗಿರಬಹುದು.

ಒಂಬತ್ತಕ್ಕೆ ಎಲ್ಲವೂ ತಿರುಗಬೇಕು. ದೊಡ್ಡ ದೀಪಗಳನ್ನು ಆರಿಸಿ, ಊರಿಗೆ ಫೋನ್ ಮಾಡುವುದನ್ನು ನಿಲ್ಲಿಸಿ, ಬೆಚ್ಚನೆಯ ನೀರಿನಲ್ಲಿ ಸ್ನಾನ ಮಾಡಿ ಅಥವಾ ವುಝೂ ಮಾಡಿ. ಒಂಬತ್ತೂವರೆಗೆ ಹಾಸಿಗೆ. ಒಂಬತ್ತಕ್ಕೇ ಮಲಗಿದರೂ ಪರವಾಗಿಲ್ಲ. ಎಂಟಕ್ಕೆ ಮಾತ್ರ ಬೇಡ.

ಮೈಯ ಫಜ್ರ್ ನಡುರಾತ್ರಿಗೆ

ಎಲ್ಲ ಸರಿಯಾಗಿ ಮಾಡಿದರೂ ಮೊದಲ ರಾತ್ರಿ ಒಂದು ಗಂಟೆಯಿಂದ ಎರಡರ ನಡುವೆ ಎಚ್ಚರವಾಗುವ ಸಂಭವ ಹೆಚ್ಚು. ಊರಿನಲ್ಲಿ ಐದಕ್ಕೆ ಏಳುವವರ ಮೈಗೆ ಲಂಡನ್‌ನ ರಾತ್ರಿ ಹನ್ನೊಂದೂವರೆಯೇ ಫಜ್ರ್. ಹಿಂದಿನ ದಿನದ ದಣಿವು ನಿದ್ದೆಯನ್ನು ಇನ್ನೆರಡು ಗಂಟೆ ಎಳೆಯುತ್ತದೆ, ಅಷ್ಟೆ. ಆದ್ದರಿಂದ ಎಚ್ಚರವಾದರೆ ಗಾಬರಿ ಬೇಡ. ಆಗ ಏನು ಮಾಡುತ್ತೀರಿ ಎಂಬುದು ಮುಖ್ಯ.

ಈ ಹೊತ್ತಿನಲ್ಲಿ ಬಿದ್ದ ಬೆಳಕು ತಪ್ಪು ದಿಕ್ಕಿಗೆ ಎಳೆಯುತ್ತದೆ ಎಂದು ಮೇಲೆ ನೋಡಿದೆವು. ಹಾಗಾಗಿ ಕೋಣೆಯ ದೀಪ ಹಾಕಬೇಡಿ, ಫೋನ್ ತೆರೆಯಬೇಡಿ. ಊರಿನಲ್ಲಿ ಬೆಳಗಾಗಿರುವುದರಿಂದ ಸಂದೇಶಗಳು ಸಾಲುಗಟ್ಟಿ ಬರುತ್ತಿರುತ್ತವೆ. ಫೋನನ್ನು ಬೇರೆ ಕೋಣೆಯಲ್ಲಿಡುವುದೇ ಉತ್ತಮ. ತಹಜ್ಜುದ್ ಮಾಡುವ ರೂಢಿ ಇರುವವರಿಗೆ ಇದು ಒದಗಿ ಬಂದ ಸಮಯ. ಹೊರಗಿನ ಹಾದಿಯ ಸಣ್ಣ ದೀಪದ ಬೆಳಕಿನಲ್ಲಿ ಉಗುರುಬೆಚ್ಚನೆಯ ನೀರಿನಿಂದ ವುಝೂ ಮಾಡಿ, ನೆನಪಿರುವ ಸೂರಾಗಳಿಂದ ನಮಾಝ್ ಮಾಡಿ, ಮತ್ತೆ ಹಾಸಿಗೆಗೆ ಮರಳಿ ದಿಕ್ರ್ ಮಾಡುತ್ತಾ ಮಲಗಿರಿ. ಕುರ್‌ಆನ್ ತೆರೆದು ಓದಲು ದೊಡ್ಡ ದೀಪ ಬೇಕಾಗುತ್ತದೆ. ಆ ಓದನ್ನು ನಾಲ್ಕು ದಿನ ಅಸ್ರ್‌ನ ನಂತರಕ್ಕೆ ಇಟ್ಟುಕೊಳ್ಳಿ. ಹಸಿವಾದರೆ ಎರಡು ಖರ್ಜೂರ, ಸ್ವಲ್ಪ ನೀರು ಸಾಕು. ಚಹಾ, ತಿಂಡಿ ಮಾಡಿದರೆ ಶರೀರ "ಸರಿ, ಬೆಳಗಾಯಿತು" ಎಂದು ತೀರ್ಮಾನಿಸಿಬಿಡುತ್ತದೆ.

ಅಲ್ಲಿ ಫಜ್ರ್ ಈ ದಿನಗಳಲ್ಲಿ ಐದೂವರೆಯ ಸುಮಾರಿಗೆ. ಊರಿನಲ್ಲಿ ಆಗ ಹನ್ನೊಂದು ಗಂಟೆ. ಹಾಗಾಗಿ ಫಜ್ರ್ ತಪ್ಪುವ ಭಯಕ್ಕಿಂತ, ತಪ್ಪಬಹುದೆಂದು ಎರಡರಿಂದಲೇ ಗಡಿಯಾರ ನೋಡುತ್ತಾ ಕೂರುವ ತೊಂದರೆ ಹೆಚ್ಚು. ಅಲಾರಂ ಇಟ್ಟುಬಿಡಿ, ಮಗಳಿಗೂ ಹೇಳಿಡಿ. ಆಮೇಲೆ ಗಡಿಯಾರದ ಮುಖವನ್ನು ಗೋಡೆಗೆ ತಿರುಗಿಸಿ.

ಇನ್ನೊಂದು ಎಚ್ಚರಿಕೆ. ಅಲ್ಲಿನ ಅನೇಕ ಮನೆಗಳಲ್ಲಿ ಮಲಗುವ ಕೋಣೆ ಮೇಲಿರುತ್ತದೆ, ಮೆಟ್ಟಿಲುಗಳು ಕಡಿದಾಗಿರುತ್ತವೆ, ಮೇಲೆ ಕಾರ್ಪೆಟ್ ಹಾಸಿರುತ್ತಾರೆ. ಗೊತ್ತಿಲ್ಲದ ಮನೆ, ನಿದ್ದೆಗಣ್ಣು, ಕತ್ತಲು ಮೂರೂ ಸೇರಿದರೆ ಬೀಳುವುದು ಸುಲಭ. ಕತ್ತಲಿರಲಿ ಎಂದರೆ ತಡಕಾಡಬೇಕು ಎಂದಲ್ಲ. ಮೆಟ್ಟಿಲ ಬಳಿ, ಬಚ್ಚಲಿನ ಬಳಿ ನೆಲದ ಹತ್ತಿರ ಉರಿಯುವ ಸಣ್ಣ ಹಳದಿ ದೀಪವನ್ನು ಮೊದಲ ರಾತ್ರಿಯೇ ಹಾಕಿಸಿ.

ಮಗುವನ್ನು ಎತ್ತಿಕೊಂಡು ಸೋಫಾದಲ್ಲಿ ಕೂರಬೇಡಿ

ಮೊದಲ ದಿನ ಸಂಜೆ ಅಜ್ಜಿಗೆ ಇರುವ ಆಸೆ ಒಂದೇ, ಮೊಮ್ಮಗುವನ್ನು ಎದೆಗವಚಿಕೊಂಡು ಕೂರುವುದು. ಮಗಳಿಗೂ ಎರಡು ವಾರದಿಂದ ನಿದ್ದೆ ಇಲ್ಲ. "ನೀನು ಮಲಗು, ಮಗುವನ್ನು ನಾನು ನೋಡಿಕೊಳ್ಳುತ್ತೇನೆ" ಎಂದು ಅಮ್ಮಿ ಹೇಳುವುದು ಸಹಜ. ಆದರೆ ಲಂಡನ್‌ನ ರಾತ್ರಿ ಏಳು ಎಂದರೆ ಅವರ ಮೈಗೆ ಹನ್ನೆರಡೂವರೆ. ಕುಳಿತಲ್ಲೇ, ಗೊತ್ತಾಗದಂತೆ ನಿದ್ದೆ ಹತ್ತುತ್ತದೆ. ಸೋಫಾ ಅಥವಾ ಆರಾಮ ಕುರ್ಚಿಯಲ್ಲಿ ಮಗುವಿನೊಂದಿಗೆ ನಿದ್ದೆಹೋಗುವುದು ಶಿಶುಗಳಿಗೆ ಅತ್ಯಂತ ಅಪಾಯಕಾರಿ ಸ್ಥಿತಿಗಳಲ್ಲಿ ಒಂದು. ಮಗು ದಿಂಬಿನ ಸಂದಿಗೆ ಜಾರಿ ಉಸಿರು ಕಟ್ಟಬಹುದು. ಬ್ರಿಟನ್‌ನ ಆರೋಗ್ಯ ಸೇವೆ ಹೊಸ ತಾಯಂದಿರಿಗೆ ಸ್ಪಷ್ಟವಾಗಿ ಹೇಳುವ ಮಾತುಗಳಲ್ಲಿ ಇದೂ ಒಂದು.

ಹಾಗಾದರೆ ಸಹಾಯ ಮಾಡಲೆಂದು ಬಂದವರು ಸುಮ್ಮನಿರಬೇಕೇ? ಇಲ್ಲ, ಕೆಲಸದ ಹೊತ್ತನ್ನು ಬದಲಿಸಿದರೆ ಸಾಕು. ಮೊದಲ ಮೂರು ದಿನ ಸಂಜೆ ಮಗುವನ್ನು ಎತ್ತಿಕೊಳ್ಳುವುದಾದರೆ ಎಚ್ಚರವಿರುವ ಇನ್ನೊಬ್ಬರು ಅದೇ ಕೋಣೆಯಲ್ಲಿರಲಿ. ಕಣ್ಣು ಭಾರವಾಗುತ್ತಿದೆ ಎನಿಸಿದ ಕೂಡಲೇ ಮಗುವನ್ನು ಅದರ ತೊಟ್ಟಿಲಲ್ಲಿ ಅಂಗಾತ ಮಲಗಿಸಿ. ಬದಲಾಗಿ ಬೆಳಗಿನ ಹೊತ್ತು ಅಜ್ಜಿಯದಾಗಲಿ. ಲಂಡನ್‌ನ ಬೆಳಿಗ್ಗೆ ಆರರಿಂದ ಹತ್ತರವರೆಗೆ ಊರಿನಲ್ಲಿ ಹನ್ನೊಂದೂವರೆಯಿಂದ ಮೂರೂವರೆ. ಆ ಹೊತ್ತಿಗೆ ಅವರು ಪೂರ್ತಿ ಎಚ್ಚರವಾಗಿರುತ್ತಾರೆ. ಮಗಳಿಗೆ ನಿದ್ದೆ ಬೇಕಾಗಿರುವುದೂ ಆಗಲೇ.

ಮಾತ್ರೆ, ಇನ್ಸುಲಿನ್

ಪಶ್ಚಿಮಕ್ಕೆ ಹೋದ ದಿನ 24 ಗಂಟೆಯಲ್ಲ, ಇಪ್ಪತ್ತೊಂಬತ್ತೂವರೆ ಗಂಟೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಈ ಹೆಚ್ಚಿನ ಗಂಟೆಗಳು ಮುಖ್ಯ. ಯಾವ ಹೊತ್ತಿಗೆ ಎಷ್ಟು ಎಂಬುದು ಒಬ್ಬೊಬ್ಬರ ಔಷಧದ ಬಗೆಯನ್ನು ಅವಲಂಬಿಸಿದೆ. ಹೊರಡುವ ಎರಡು ವಾರ ಮೊದಲು ವಿಮಾನದ ಸಮಯ ತೋರಿಸಿ ನಿಮ್ಮ ವೈದ್ಯರಿಂದ ಬರೆಸಿಕೊಳ್ಳಿ. ರಕ್ತದೊತ್ತಡ, ಥೈರಾಯ್ಡ್ ಮಾತ್ರೆಗಳನ್ನು ಯಾವಾಗಿನಿಂದ ಅಲ್ಲಿನ ಸಮಯಕ್ಕೆ ಬದಲಿಸಬೇಕು ಎಂಬುದನ್ನೂ ಅಲ್ಲೇ ಕೇಳಿ. ಎಲ್ಲ ಔಷಧಗಳು, ವೈದ್ಯರ ಚೀಟಿಯೊಂದಿಗೆ, ಕೈಚೀಲದಲ್ಲಿರಲಿ. ದೊಡ್ಡ ಪೆಟ್ಟಿಗೆ ತಡವಾಗಿ ಬರುವುದುಂಟು. ನಿದ್ದೆ ಮಾತ್ರೆಯನ್ನು ಸ್ವಂತವಾಗಿ ತೆಗೆದುಕೊಳ್ಳಬೇಡಿ, ಅದರಲ್ಲೂ ಹಿರಿಯರಿಗೆ ಅದು ಬೀಳುವ ಅಪಾಯವನ್ನು ಹೆಚ್ಚಿಸುತ್ತದೆ. ಕೆಲವರು ಹೇಳುವ ಮೆಲಟೋನಿನ್ ಮಾತ್ರೆ ಬ್ರಿಟನ್‌ನಲ್ಲಿ ವೈದ್ಯರ ಚೀಟಿ ಇಲ್ಲದೆ ಸಿಗುವುದಿಲ್ಲ.

ಸರಿಯಾಗುತ್ತಿದೆ ಎಂದು ತಿಳಿಯುವುದು ಹೇಗೆ?

ಪ್ರತಿ ರಾತ್ರಿ ಎಚ್ಚರವಾದ ಸಮಯವನ್ನು ಬರೆದಿಡಿ. ಮೊದಲ ರಾತ್ರಿ ಒಂದೂವರೆ, ಎರಡನೆಯದು ಎರಡೂವರೆ, ಮೂರನೆಯದು ಮೂರೂ ಮುಕ್ಕಾಲು, ನಾಲ್ಕನೆಯದು ಐದರ ಹತ್ತಿರ, ಹೀಗೆ ಅದು ಮುಂದೆ ಮುಂದೆ ಹೋಗುತ್ತಿದ್ದರೆ ಒಳಗಡಿಯಾರ ಸರಿಯುತ್ತಿದೆ ಎಂದೇ ಅರ್ಥ. ನಿದ್ದೆ ಒಟ್ಟು ಎಷ್ಟಾಯಿತು ಎಂಬುದಕ್ಕಿಂತ ಈ ಸಾಲನ್ನು ನೋಡಿ. ಎರಡನೇ ದಿನದಿಂದ ಮಧ್ಯಾಹ್ನ ಒಂದಕ್ಕೆ ಮೊದಲು ಅರ್ಧ ಗಂಟೆಯ ಕೈಲೂಲಾ ಮಾಡಬಹುದು. ಮಧ್ಯಾಹ್ನದ ಮೇಲೆ ಹೊರಗೆ ನಡೆಯುವುದು, ಸಂಜೆ ದೀಪ ಉರಿಸುವುದು ಮುಂದುವರಿಯಲಿ.

ಮೂರು ರಾತ್ರಿ ಒಂದೇ ಸಮಯಕ್ಕೆ ಎಚ್ಚರವಾಗುತ್ತಿದ್ದರೆ ಕಾರಣ ಹುಡುಕಿ. ಸಾಮಾನ್ಯವಾಗಿ ಸೋಫಾದಲ್ಲಿ ಸಂಜೆಯ ತೂಕಡಿಕೆ, ಇಲ್ಲವೇ ನಡುರಾತ್ರಿಯ ಫೋನ್, ಇಲ್ಲವೇ ಐದು ಗಂಟೆಯ ಚಹಾ ಸಿಗುತ್ತದೆ. ವಾರ ಕಳೆದರೂ ಸರಿಯಾಗದಿದ್ದರೆ ವೈದ್ಯರಿಗೆ ತೋರಿಸಿ. ಆದರೆ ಒಂದು ಕಾಲಿನ ಮೀನಖಂಡ ಮಾತ್ರ ಊದಿ ನೋವಾದರೆ, ಉಸಿರು ಕಟ್ಟಿದಂತಾದರೆ, ಎದೆನೋವು ಬಂದರೆ, ಹಿರಿಯರು ಇದ್ದಕ್ಕಿದ್ದಂತೆ ಗೊಂದಲದಿಂದ ಮಾತನಾಡಿದರೆ ಅದು ಜೆಟ್ ಲ್ಯಾಗ್ ಎಂದು ಕಾಯಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ. ಅಲ್ಲಿ ತುರ್ತು ಕರೆಯ ಸಂಖ್ಯೆ 999.

ಬೇಸಿಗೆಯಾದರೆ, ಅಮೆರಿಕವಾದರೆ

ಜೂನ್‌ನಲ್ಲಿ ಹೋದರೆ ಚಿತ್ರ ಬೇರೆ. ಆಗ ಲಂಡನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂ ಕಾಲು ದಾಟಿದ ಮೇಲೆ. ಸಂಜೆಯ ಬೆಳಕಿಗೆ ಕೊರತೆಯಿಲ್ಲ, ಎಚ್ಚರವಾಗಿರುವುದೂ ಸುಲಭ. ಕಷ್ಟ ಇರುವುದು ಇಶಾ ತುಂಬ ತಡವಾಗುವುದರಲ್ಲಿ ಮತ್ತು ಐದಕ್ಕೆ ಮೊದಲೇ ಸೂರ್ಯ ಮೂಡುವುದರಲ್ಲಿ. ಬೇಸಿಗೆಯ ಇಶಾಕ್ಕೆ ಅಲ್ಲಿನ ಮಸೀದಿಗಳು ತಮ್ಮದೇ ವೇಳಾಪಟ್ಟಿ ಇಟ್ಟುಕೊಂಡಿರುತ್ತವೆ, ಹತ್ತಿರದ ಮಸೀದಿಯದನ್ನು ಮಗಳಿಂದ ಮೊದಲೇ ತರಿಸಿಕೊಳ್ಳಿ. ಕಿಟಕಿಗೆ ದಪ್ಪ ಪರದೆ ಬೇಕು. ಫಜ್ರ್ ಆದ ಮೇಲೆ ಕತ್ತಲ ಕೋಣೆಯಲ್ಲಿ ಮತ್ತೆ ಮಲಗಬೇಕು.

ಅಮೆರಿಕಕ್ಕೆ ಈ ಲೆಕ್ಕವನ್ನು ಹಾಗೆಯೇ ಹಚ್ಚಬಾರದು. ಚಳಿಗಾಲದಲ್ಲಿ ನ್ಯೂಯಾರ್ಕ್ ನಮಗಿಂತ ಹತ್ತೂವರೆ ಗಂಟೆ ಹಿಂದೆ. ಊರಿನ ಬೆಳಗಿನ ಮೂರು ಅಲ್ಲಿ ಸಂಜೆ ನಾಲ್ಕೂವರೆ. ಅಂದರೆ ತಂಪು ಹೊತ್ತು ಹಗಲಿನ ಕೊನೆಗೇ ಬಂದುಬಿಡುತ್ತದೆ. ಮೊದಲ ದಿನ ಮಧ್ಯಾಹ್ನದ ಬೆಳಕು ಸಹಾಯಕ, ಸಂಜೆ ಐದರ ನಂತರದ ಪ್ರಖರ ಬೆಳಕು ಅಡ್ಡಿ. ಅಲ್ಲಿ ಹೊಂದಿಕೊಳ್ಳಲು ಒಂದು ವಾರಕ್ಕಿಂತ ಹೆಚ್ಚೇ ಬೇಕಾಗಬಹುದು.

ಪಶ್ಚಿಮದ ಯಾವ ಊರಿಗೇ ಹೋಗಿ, ಟಿಕೆಟ್ ಕೈಗೆ ಬಂದ ದಿನವೇ ಒಂದು ಕಾಗದದ ಮೇಲೆ ಎರಡು ಸಾಲು ಬರೆಯಿರಿ: ಇಳಿಯುವ ಊರಿನ ಸಮಯ ಒಂದು ಸಾಲಿನಲ್ಲಿ, ಅದರ ಕೆಳಗೆ ನಮ್ಮ ಊರಿನ ಸಮಯ. ನೀವು ದಿನವೂ ಏಳುವ ಹೊತ್ತಿಗೆ ಎರಡು ಗಂಟೆ ಹಿಂದಿನ ಸಮಯಕ್ಕೆ ಒಂದು ಗೆರೆ ಎಳೆಯಿರಿ. ಆ ಗೆರೆಯ ಮೊದಲು ಬೆಳಕು, ಅದರ ನಂತರ ಕತ್ತಲು. ಆ ಕಾಗದವನ್ನು ಪಾಸ್‌ಪೋರ್ಟ್ ಜೊತೆಗಿಟ್ಟುಕೊಳ್ಳಿ, ಇಳಿಯುವ ಮನೆಯವರಿಗೂ ಕಳುಹಿಸಿ. ಸಂಜೆ ನಾಲ್ಕಕ್ಕೆ "ಸ್ವಲ್ಪ ಮಲಗಿ" ಎನ್ನುವವರು ಅವರೇ ತಾನೇ?